ಮಲಬದ್ಧತೆಗೆ ಮೂರು ಪರೀಕ್ಷೆ: ಯಾವುದು ಯಾರಿಗೆ, ಯಾವುದು ಮೊದಲು, ಹೋಗುವ ಮುನ್ನ ಏನು ಮಾಡಬೇಕು

ವರ್ಷಗಟ್ಟಲೆ ಮಲಬದ್ಧತೆಯಿಂದ ನರಳಿದವರು ಕೊನೆಗೊಂದು ದಿನ ಮೈಸೂರಿನ ದೊಡ್ಡಾಸ್ಪತ್ರೆಗೆ ಬಂದಾಗ ಮೊದಲು ಹೇಳುವುದು, ‘ಒಂದು ಸಲ ಕ್ಯಾಮೆರಾ ಬಿಟ್ಟು ನೋಡಿಬಿಡಿ ಸಾರ್’ ಅಂತ. ಕೊಲೊನೋಸ್ಕೋಪಿ ಆಗುತ್ತದೆ, ‘ನಾರ್ಮಲ್’ ಅಂತ ರಿಪೋರ್ಟ್ ಬರುತ್ತದೆ, ಮಲಬದ್ಧತೆ ಮಾತ್ರ ಇದ್ದ ಹಾಗೇ ಇರುತ್ತದೆ. ರಿಪೋರ್ಟ್ ಸುಳ್ಳಲ್ಲ. ಕ್ಯಾಮೆರಾ ನೋಡುವುದು ದೊಡ್ಡಕರುಳಿನ ಒಳಗೋಡೆಯನ್ನು. ಅಲ್ಲಿ ಗಂಟಿದೆಯೇ, ಹುಣ್ಣಿದೆಯೇ, ದಾರಿ ಕಿರಿದಾಗಿದೆಯೇ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಮಲ ಕರುಳಿನಲ್ಲಿ ಎಷ್ಟು ವೇಗವಾಗಿ ಸಾಗುತ್ತಿದೆ ಎಂಬುದು ಗೊತ್ತಾಗುವುದಿಲ್ಲ, ಅದಕ್ಕೆ ಟ್ರಾನ್ಸಿಟ್ ಸ್ಟಡಿ ಬೇಕು. ಗುದದ್ವಾರವೆಂಬ ಕೊನೆಯ ಬಾಗಿಲಿನ ಸ್ನಾಯುಗಳು ಮುಕ್ಕಿದಾಗ ತೆರೆಯುತ್ತವೆಯೋ ಇಲ್ಲವೋ ಎಂಬುದೂ ಕ್ಯಾಮೆರಾಕ್ಕೆ ಕಾಣದು, ಅದಕ್ಕೆ ಆನೊರೆಕ್ಟಲ್ ಮ್ಯಾನೋಮೆಟ್ರಿ ಬೇಕು. ನಮ್ಮಲ್ಲಿ ಅತಿ ಹೆಚ್ಚು ಮರೆತುಹೋಗುವುದು ಈ ಕೊನೆಯದು. ಔಷಧಿಗೆ ಬಗ್ಗದ ಮಲಬದ್ಧತೆಯಲ್ಲಿ ಉತ್ತರ ಅಲ್ಲೇ ಸಿಗುವುದು ಅಪರೂಪವೇನಲ್ಲ.

ಒಂದು ಉದಾಹರಣೆ ಹಿಡಿದೇ ಹೋಗೋಣ. ಮದ್ದೂರಿನ ಕಡೆಯ 46 ವರ್ಷದ ಹೆಂಗಸೊಬ್ಬರು ಎಂದಿಟ್ಟುಕೊಳ್ಳಿ. ಹತ್ತು ವರ್ಷದಿಂದ ತೊಂದರೆ. ದಿನಾ ಕಕ್ಕಸಿಗೆ ಹೋಗುತ್ತಾರೆ, ಅರ್ಧ ಗಂಟೆ ಕೂರುತ್ತಾರೆ, ತಿಣುಕುತ್ತಾರೆ, ಆದರೂ ಹೊಟ್ಟೆ ಖಾಲಿಯಾದ ಹಾಗೆ ಅನಿಸುವುದಿಲ್ಲ. ಕೆಲವೊಮ್ಮೆ ಬೆರಳು ಹಾಕಿ ತೆಗೆಯಬೇಕಾಗುತ್ತದೆ, ಇದನ್ನು ಗಂಡನಿಗೂ ಹೇಳಿಲ್ಲ. ಇಸಬ್‌ಗೋಲ್ ತೆಗೆದುಕೊಂಡರೆ ಹೊಟ್ಟೆ ಇನ್ನಷ್ಟು ಉಬ್ಬರಿಸುತ್ತದೆ. ಸೋನಾಮುಖಿ ಇರುವ ಚೂರ್ಣ ನುಂಗಿದ ದಿನ ಮಾತ್ರ ನೀರಾಗಿ ಹೋಗುತ್ತದೆ. ಆರು ತಿಂಗಳಿಂದ ಆಗಾಗ ರಕ್ತ ಬೀಳುತ್ತಿದೆ, ‘ಮೂಲವ್ಯಾಧಿ ಇರಬೇಕು’ ಅಂತ ಸುಮ್ಮನಿದ್ದಾರೆ.

ಯಂತ್ರಕ್ಕಿಂತ ಮುಂಚೆ

ಬೆರಳು ಹಾಕಿ ತೆಗೆಯುವ ಮಾತನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಲೇಬೇಕು. ಮಲ ಮೆತ್ತಗಿದ್ದಾಗಲೂ ತಿಣುಕಬೇಕಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಇವೆರಡೂ ತೊಂದರೆ ಬಾಗಿಲಲ್ಲಿದೆ ಎಂಬುದರ ಕಡೆಗೆ ಬೊಟ್ಟು ಮಾಡುತ್ತವೆ.

ಆಮೇಲೆ ಡಾಕ್ಟರು ಕೈಗವಸು ಹಾಕಿ, ಗುದದ್ವಾರದೊಳಗೆ ಒಂದು ಬೆರಳಿಟ್ಟು ಪರೀಕ್ಷಿಸಬೇಕು. ‘ಬಿಗಿ ಹಿಡಿಯಿರಿ’ ಅಂದಾಗ ಸ್ನಾಯು ಬೆರಳನ್ನು ಹಿಡಿಯಬೇಕು, ‘ಕಕ್ಕಸಿನಲ್ಲಿ ಮುಕ್ಕುವ ಹಾಗೆ ಮುಕ್ಕಿ’ ಅಂದಾಗ ಸಡಿಲಾಗಬೇಕು. ಮುಕ್ಕಿದಾಗಲೂ ಸ್ನಾಯು ಬೆರಳನ್ನು ಹಿಸುಕಿದರೆ ಅರ್ಧ ರೋಗನಿರ್ಣಯ ಆದ ಹಾಗೆ. ಎರಡು ನಿಮಿಷದ ಕೆಲಸ, ಖರ್ಚಿಲ್ಲ. ಆದರೂ ಹತ್ತು ವರ್ಷ ಮಾತ್ರೆ ನುಂಗಿದ ಎಷ್ಟೋ ಜನರಿಗೆ ಈ ಪರೀಕ್ಷೆಯನ್ನೇ ಯಾರೂ ಮಾಡಿರುವುದಿಲ್ಲ. ಇದರ ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಕ್ಯಾಲ್ಸಿಯಂ ನೋಡುತ್ತಾರೆ. ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಕಬ್ಬಿಣದ ಮಾತ್ರೆ, ಟ್ರಾಮಡಾಲ್‌ನಂಥ ನೋವಿನ ಮಾತ್ರೆ, ಕೆಲವು ಬಿಪಿ ಮಾತ್ರೆಗಳು ತಾವೇ ಮಲಬದ್ಧತೆ ತರುತ್ತವೆ.

ನಮ್ಮ ಉದಾಹರಣೆಯ ಹೆಂಗಸಿಗೆ ಹಿಮೋಗ್ಲೋಬಿನ್ 9.6 ಬಂತು ಎನ್ನೋಣ. ರಕ್ತ ಬೀಳುತ್ತಿದೆ, ರಕ್ತಹೀನತೆಯೂ ಇದೆ. ಈಗ ಕೊಲೊನೋಸ್ಕೋಪಿ ಬೇಕೇ ಬೇಕು, ಅದೂ ಮೊದಲೇ. ಕಾರಣವಿಲ್ಲದೆ ತೂಕ ಇಳಿದಿದ್ದರೆ, ಮನೆಯಲ್ಲಿ ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಆಗಿದ್ದರೆ, 45–50 ದಾಟಿದ ಮೇಲೆ ಹೊಸದಾಗಿ ಮಲಬದ್ಧತೆ ಶುರುವಾಗಿದ್ದರೆ ಅವರಿಗೂ ಹೀಗೇ. ಇವು ಯಾವುವೂ ಇಲ್ಲದ, ಕಾಲೇಜು ದಿನಗಳಿಂದಲೂ ಮಲಬದ್ಧತೆ ಇರುವ 28ರ ಹುಡುಗಿಗೆ ಬರೀ ಮಲಬದ್ಧತೆಯ ಕಾರಣಕ್ಕೆ ಕ್ಯಾಮೆರಾ ಬಿಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅವರು ಮುಂದಿನ ಭಾಗ ಬಿಟ್ಟು ನೇರವಾಗಿ ಮ್ಯಾನೋಮೆಟ್ರಿಗೆ ಹೋಗಬಹುದು.

ಕೊಲೊನೋಸ್ಕೋಪಿ: ಕಷ್ಟ ಇರುವುದು ಹಿಂದಿನ ದಿನ

ಪರೀಕ್ಷೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮಂಪರು ಕೊಟ್ಟಿರುವುದರಿಂದ ಬಹಳ ಜನರಿಗೆ ನೆನಪೂ ಇರುವುದಿಲ್ಲ. ಕೆಡುವುದು ಸಿದ್ಧತೆಯಲ್ಲಿ. ಮಲಬದ್ಧತೆ ಇರುವವರ ಕರುಳು ಎಲ್ಲರಿಗೂ ಕೊಡುವ ಮಾಮೂಲಿ ಸಿದ್ಧತೆಯಿಂದ ಪೂರ್ತಿ ಸ್ವಚ್ಛವಾಗದೆ ಹೋಗುವ ಸಂಭವ ಹೆಚ್ಚು. ಮಲ ಅಂಟಿಕೊಂಡಿದ್ದರೆ ಅದರಡಿಯ ಸಣ್ಣ ಗಂಟು ಕಾಣುವುದಿಲ್ಲ, ಇನ್ನೊಮ್ಮೆ ಮಾಡಿಸಬೇಕಾಗುತ್ತದೆ. ಆದ್ದರಿಂದ ದಿನಾಂಕ ತೆಗೆದುಕೊಳ್ಳುವಾಗಲೇ ‘ನನಗೆ ಜೋರು ಮಲಬದ್ಧತೆ ಇದೆ, ಸಿದ್ಧತೆ ಹೆಚ್ಚಿಗೆ ಬೇಕಾ?’ ಅಂತ ಕೇಳಿ. ಎರಡು ಮೂರು ದಿನ ಮುಂಚಿನಿಂದಲೇ ರಾತ್ರಿ ಬಿಸಕೊಡಿಲ್ ಎಂಬ ಜುಲಾಬಿನ ಮಾತ್ರೆ ಕೊಡುವುದೋ, ಕರುಳು ತೊಳೆಯುವ ದ್ರಾವಣದ ಪ್ರಮಾಣ ಹೆಚ್ಚಿಸುವುದೋ ಅವರು ನಿರ್ಧರಿಸುತ್ತಾರೆ.

ಕಬ್ಬಿಣದ ಮಾತ್ರೆಯನ್ನು ಐದರಿಂದ ಏಳು ದಿನ ಮುಂಚೆ ನಿಲ್ಲಿಸಬೇಕು. ಅದು ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ. ಮೂರು ದಿನ ಮುಂಚಿನಿಂದ ಊಟ ಬದಲಾಗಬೇಕು, ನಮ್ಮ ಕಡೆಯವರಿಗೆ ಇದೇ ಕಷ್ಟ. ರಾಗಿ ಮುದ್ದೆ, ಬಸ್ಸಾರಿನ ಸೊಪ್ಪು, ಅವರೆಕಾಳು, ಹುರುಳಿ, ಬೀಜವಿರುವ ಟೊಮೆಟೊ, ಬದನೆ, ಸೀಬೆ ಎಲ್ಲಾ ಬಂದ್. ‘ನಾರು ತಿನ್ನಿ’ ಅಂತ ಇಷ್ಟು ವರ್ಷ ಕೇಳಿದವರಿಗೆ ಇದು ವಿಚಿತ್ರ ಅನಿಸಬಹುದು, ಆದರೆ ಈ ಮೂರು ದಿನ ನಾರು ಬೇಡ. ಬಿಳಿ ಅನ್ನ, ಮೊಸರು, ಇಡ್ಲಿ, ಬೇಳೆ ಬಿಟ್ಟು ಬಸಿದ ಸಾರಿನ ತಿಳಿ ಸಾಕು. ಹಿಂದಿನ ದಿನ ಬೆಳಿಗ್ಗೆ ಎರಡು ಇಡ್ಲಿ ತಿಂದ ಮೇಲೆ ಬರೀ ತಿಳಿ ದ್ರವ: ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಟೀ. ಕೆಂಪು ಅಥವಾ ನೇರಳೆ ಬಣ್ಣದ ಯಾವ ಪಾನೀಯವೂ ಬೇಡ, ಒಳಗೆ ಅದು ರಕ್ತದಂತೆ ಕಾಣುತ್ತದೆ. ಕಿಡ್ನಿ ತೊಂದರೆ ಇರುವವರು ಎಳನೀರನ್ನೂ ಕೇಳಿಯೇ ಕುಡಿಯಬೇಕು.

ದ್ರಾವಣ ಅಂದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಸಾಮಾನ್ಯವಾಗಿ ಸಿಗುವ 137 ಗ್ರಾಂ ಆಸುಪಾಸಿನ ಪ್ಯಾಕೆಟ್ಟನ್ನು 2 ಲೀಟರ್ ನೀರಿಗೆ ಬೆರೆಸಬೇಕು. ಇಡೀ 2 ಲೀಟರನ್ನು ರಾತ್ರಿಯೇ ಕುಡಿದು ಮಲಗುವುದಕ್ಕಿಂತ ಎರಡು ಪಾಲು ಮಾಡುವುದು ಒಳ್ಳೆಯದು. ಬೆಳಿಗ್ಗೆ 11ಕ್ಕೆ ಪರೀಕ್ಷೆ ಇದ್ದರೆ ಹಿಂದಿನ ಸಂಜೆ 7ಕ್ಕೆ ಮೊದಲ ಲೀಟರ್, ಬೆಳಗಿನ ಜಾವ 5ಕ್ಕೆ ಎರಡನೆಯದು. ಹತ್ತು–ಹದಿನೈದು ನಿಮಿಷಕ್ಕೆ ಒಂದು ಲೋಟ, ಅಂದರೆ ಸುಮಾರು 250 ಮಿಲಿ. ತಣ್ಣಗೆ ಮಾಡಿ ಸ್ಟ್ರಾ ಹಾಕಿ ಕುಡಿದರೆ ರುಚಿ ಅಷ್ಟಾಗಿ ಗೊತ್ತಾಗುವುದಿಲ್ಲ. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಮತ್ತೆ ನಿಧಾನವಾಗಿ ಶುರುಮಾಡಿ. ಮಂಪರು ಕೊಡುವುದರಿಂದ ಕೊನೆಗೆ ಎಷ್ಟು ಹೊತ್ತಿನಿಂದ ನೀರೂ ಕುಡಿಯಬಾರದು ಎಂಬುದನ್ನು ಆಸ್ಪತ್ರೆಯವರು ಹೇಳಿದಂತೆಯೇ ಪಾಲಿಸಿ, ಕಡಿಮೆಯೆಂದರೂ ಎರಡು ಗಂಟೆ.

ಸಿದ್ಧತೆ ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ಕೊನೆಯಲ್ಲಿ ಬರುವುದು ಮೂತ್ರದಂತೆ ತೆಳು ಹಳದಿಯಾಗಿ, ತಳ ಕಾಣುವಷ್ಟು ತಿಳಿಯಾಗಿರಬೇಕು. ಕಂದು ನೀರು, ಚೂರುಗಳು ಬರುತ್ತಿದ್ದರೆ ಕರುಳು ಇನ್ನೂ ಸ್ವಚ್ಛವಾಗಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಹೇಳಿ, ಬಾಯಿ ಮುಚ್ಚಿಕೊಂಡು ಟೇಬಲ್ ಹತ್ತಬೇಡಿ. ದ್ರಾವಣ ಕುಡಿದ ಮೇಲೆ ಏನೂ ಹೋಗದೆ ಹೊಟ್ಟೆ ಬಿಗಿದು, ವಾಂತಿ ಶುರುವಾದರೆ ಮಾತ್ರ ಕುಡಿಯುವುದನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಮಂಡ್ಯ, ಮಳವಳ್ಳಿ ಕಡೆಯಿಂದ ಮೈಸೂರಿಗೆ ಬರುವವರಿಗೆ ಇನ್ನೊಂದು ಪೇಚು: ಬೆಳಗಿನ ಜಾವ ಒಂದು ಲೀಟರ್ ಕುಡಿದು ಬಸ್ ಹತ್ತುವುದು ಆಗದ ಮಾತು. ಮಧ್ಯಾಹ್ನದ ಸಮಯ ಕೇಳಿ, ಇಲ್ಲವೇ ಹಿಂದಿನ ರಾತ್ರಿ ಮೈಸೂರಿನಲ್ಲಿ ನೆಂಟರ ಮನೆಯಲ್ಲೋ ಆಸ್ಪತ್ರೆ ಹತ್ತಿರದ ಲಾಡ್ಜ್‌ನಲ್ಲೋ ಉಳಿಯಿರಿ. ಜೊತೆಗೊಬ್ಬರು ಇರಲೇಬೇಕು, ಮಂಪರಿನ ನಂತರ ಆ ದಿನ ಗಾಡಿ ಓಡಿಸುವ ಹಾಗಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ ಇರುವವರು ವಾರ ಮುಂಚೆಯೇ ಡಾಕ್ಟರನ್ನು ಕೇಳಬೇಕು, ತಾವಾಗಿ ನಿಲ್ಲಿಸಬಾರದು. ಕರುಳಿಗೆ ತೂತು ಬೀಳುವ ಅಪಾಯ ಬಹಳ ಕಡಿಮೆ, ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ಮನೆಗೆ ಬಂದ ಮೇಲೆ ಹೊಟ್ಟೆನೋವು ಜೋರಾಗುತ್ತಾ ಹೋದರೆ, ಜ್ವರ ಬಂದರೆ, ರಕ್ತ ಹೋಗುತ್ತಲೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಉದಾಹರಣೆಯ ಹೆಂಗಸಿನ ಕರುಳಿನಲ್ಲಿ ಗಂಟಿರಲಿಲ್ಲ. ರಕ್ತ ಬಂದದ್ದು ಒಳಮೂಲವ್ಯಾಧಿಯಿಂದ. ಒಳಗೋಡೆ ಕಂದುಗಪ್ಪಾಗಿತ್ತು, ರಿಪೋರ್ಟಿನಲ್ಲಿ ‘ಮೆಲನೋಸಿಸ್ ಕೋಲೈ’ ಎಂದು ಬರೆದಿದ್ದರು. ಇದನ್ನು ಓದಿ ಗಾಬರಿಯಾಗುವವರು ಬಹಳ. ಸೋನಾಮುಖಿಯಂಥ ಜುಲಾಬನ್ನು ಬಹುಕಾಲ ತೆಗೆದುಕೊಂಡರೆ ಮೂಡುವ ಬಣ್ಣ ಅದು, ಕ್ಯಾನ್ಸರ್ ಅಲ್ಲ. ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಮಾಸುತ್ತದೆ. ರಕ್ತಕ್ಕೆ ಕಾರಣ ಸಿಕ್ಕಿತು. ಅರ್ಧ ಗಂಟೆ ತಿಣುಕುವುದಕ್ಕೆ ಸಿಗಲಿಲ್ಲ.

ಮ್ಯಾನೋಮೆಟ್ರಿ: ಬಾಗಿಲ ಪರೀಕ್ಷೆ

ಇದಕ್ಕೆ ಮಂಪರಿಲ್ಲ, ಉಪವಾಸವಿಲ್ಲ, ಲೀಟರುಗಟ್ಟಲೆ ದ್ರಾವಣವೂ ಇಲ್ಲ. ಎರಡು ಗಂಟೆ ಮುಂಚೆ ಒಂದು ಸಣ್ಣ ಎನಿಮಾ ತೆಗೆದುಕೊಂಡರೆ ಸಾಕು. ಮಲಾಶಯದಲ್ಲಿ ಗಟ್ಟಿ ಮಲ ಉಳಿದಿದ್ದರೆ ಅಳತೆ ಕೆಡುತ್ತದೆ. ಪರೀಕ್ಷೆಯಲ್ಲಿ ಬಳಸುವ ಬಲೂನು ರಬ್ಬರಿನದಾಗಿರಬಹುದು, ಲೇಟೆಕ್ಸ್ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಎಡ ಮಗ್ಗುಲಿಗೆ ಮಲಗಿ ಮಂಡಿ ಮಡಚಿಕೊಳ್ಳಬೇಕು. ಪೆನ್ಸಿಲಿಗಿಂತ ತೆಳುವಾದ, ತುದಿಯಲ್ಲಿ ಪುಟ್ಟ ಬಲೂನಿರುವ ಕೊಳವೆಗೆ ಜೆಲ್ ಸವರಿ ಗುದದ್ವಾರದೊಳಗೆ ಬಿಡುತ್ತಾರೆ. ಅದರ ಮೈಮೇಲಿರುವ ಸೆನ್ಸರ್‌ಗಳು ಒಳಗಿನ ಒತ್ತಡವನ್ನು ಕಂಪ್ಯೂಟರಿಗೆ ಕಳಿಸುತ್ತವೆ. ಮೊದಲು ಮೂರು ನಿಮಿಷ ಏನೂ ಮಾಡದೆ ಸುಮ್ಮನಿರಬೇಕು. ಕೊಳವೆ ಹೋದ ತಕ್ಷಣ ಸ್ನಾಯು ಬೆದರಿ ಬಿಗಿಯುತ್ತದೆ, ಅದು ತಣಿಯಲು ಇಷ್ಟು ಹೊತ್ತು ಬೇಕು. ಆಮೇಲೆ ಐದು ಸೆಕೆಂಡು ಬಿಗಿ ಹಿಡಿಯುವುದು ಮೂರು ಸಲ, ಅರ್ಧ ನಿಮಿಷ ಹಿಡಿಯುವುದು ಒಂದು ಸಲ, ಕೆಮ್ಮುವುದು, ಕೊನೆಗೆ ಮಲ ಹೊರಹಾಕುವಂತೆ ಹದಿನೈದು ಸೆಕೆಂಡು ಮುಕ್ಕುವುದು ಮೂರು ಸಲ. ಬಲೂನಿಗೆ ಸ್ವಲ್ಪ ಸ್ವಲ್ಪವೇ ಗಾಳಿ ತುಂಬುತ್ತಾ ‘ಏನಾದರೂ ಗೊತ್ತಾಯಿತೇ? ಹೋಗಬೇಕು ಅನಿಸಿತೇ? ಇನ್ನು ತಡೆಯಲಾಗುವುದಿಲ್ಲವೇ?’ ಎಂದೂ ಕೇಳುತ್ತಾರೆ. ಎಲ್ಲಾ ಸೇರಿ ಅರ್ಧ ಗಂಟೆ. ನೋವಿಗಿಂತ ನಾಚಿಕೆಯೇ ಹೆಚ್ಚು. ಹೆಣ್ಣು ಸಿಬ್ಬಂದಿ ಇರಲಿ ಎಂದು ಮೊದಲೇ ಕೇಳಿಕೊಳ್ಳಬಹುದು.

ಈ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ಸೂಚನೆ ಅರ್ಥವಾಗದೆ ಮುಕ್ಕುವ ಹೊತ್ತಿಗೆ ಬಿಗಿ ಹಿಡಿಯುವುದು. ಸಂದೇಹ ಬಂದರೆ ನಿಲ್ಲಿಸಿ ‘ಈಗ ತಡೆಯಬೇಕಾ, ಹೊರಹಾಕಬೇಕಾ?’ ಅಂತ ಕೇಳಿ. ಇನ್ನೊಂದು, ‘ಹಾಸಿಗೆಯ ಮೇಲೇ ಏನಾದರೂ ಬಂದುಬಿಟ್ಟರೆ?’ ಎಂಬ ಹೆದರಿಕೆಯಿಂದ ಅರೆಮನಸ್ಸಿನಲ್ಲಿ ಮುಕ್ಕುವುದು. ಕೆಳಗೆ ಹಾಳೆ ಹಾಸಿಯೇ ಇರುತ್ತಾರೆ, ಅವರಿಗೆ ಇದು ದಿನನಿತ್ಯದ ಕೆಲಸ. ಮಲಗಿಕೊಂಡು ಮುಕ್ಕುವುದು ಹೇಗೂ ಸಹಜವಲ್ಲದ ಭಂಗಿ. ಯಾವ ತೊಂದರೆಯೂ ಇಲ್ಲದವರಲ್ಲೂ ಗ್ರಾಫ್ ಕೆಟ್ಟು ಬರುವುದುಂಟು. ಆದ್ದರಿಂದಲೇ ಮ್ಯಾನೋಮೆಟ್ರಿ ಒಂದನ್ನೇ ನಂಬಬಾರದು.

ಜೊತೆಗೆ ಆಗಲೇಬೇಕಾದದ್ದು ಬಲೂನು ಹೊರಹಾಕುವ ಪರೀಕ್ಷೆ. ಮಲಾಶಯದೊಳಗಿಟ್ಟ ಬಲೂನಿಗೆ 50 ಮಿಲಿ ಬೆಚ್ಚಗಿನ ನೀರು ತುಂಬಿ, ಕಮೋಡ್ ಮೇಲೆ ಕೂರಿಸಿ, ಪರದೆ ಎಳೆದು, ಗಡಿಯಾರ ಒತ್ತುತ್ತಾರೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಬಲೂನು ಹೊರಬೀಳಬೇಕು. ಕೆಲವು ಕಡೆ ಎರಡು ನಿಮಿಷ ಬಿಡುತ್ತಾರೆ. ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅಭ್ಯಾಸವಿದ್ದರೆ ಹೇಳಿ, ಕಾಲಡಿಗೆ ಮಣೆ ಕೊಡಬಹುದು. ದಿನಾಂಕ ಗೊತ್ತುಮಾಡಲು ಫೋನ್ ಮಾಡುವಾಗಲೇ ‘ಮ್ಯಾನೋಮೆಟ್ರಿ ಜೊತೆಗೆ ಬಲೂನು ಪರೀಕ್ಷೆಯೂ ಮಾಡ್ತೀರಾ? ಸ್ನಾಯು ಸಡಿಲ ಬಿಡುವುದನ್ನು ಕಲಿಸುವ ಬಯೋಫೀಡ್‌ಬ್ಯಾಕ್ ಚಿಕಿತ್ಸೆ ನಿಮ್ಮಲ್ಲೇ ಇದೆಯಾ?’ ಎಂದು ಕೇಳಿ. ಮ್ಯಾನೋಮೆಟ್ರಿ ಯಂತ್ರ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಯಂತ್ರವಿದ್ದು ಚಿಕಿತ್ಸೆ ಇಲ್ಲದ ಕಡೆ ಪರೀಕ್ಷೆ ಮಾಡಿಸಿದರೆ ಕೈಯಲ್ಲಿ ರಿಪೋರ್ಟ್ ಮಾತ್ರ ಉಳಿಯುತ್ತದೆ.

ನಮ್ಮ ಉದಾಹರಣೆಯಲ್ಲಿ ಸುಮ್ಮನಿದ್ದಾಗ ಗುದದ್ವಾರದ ಒತ್ತಡ 70 ಮಿ.ಮೀ. ಪಾದರಸ ಇತ್ತು. ಮುಕ್ಕಿದಾಗ ಮಲಾಶಯದ ಒತ್ತಡ 50ಕ್ಕೆ ಏರಿತು, ಅಂದರೆ ತಳ್ಳುವ ಬಲ ಸಾಕಷ್ಟಿದೆ. ಆದರೆ ಇಳಿಯಬೇಕಿದ್ದ ಗುದದ್ವಾರದ ಒತ್ತಡ 70ರಿಂದ 95ಕ್ಕೆ ಏರಿತು. ಹಿಂದಿನಿಂದ ದೂಡುತ್ತಾ ಮುಂದೆ ಚಿಲಕ ಹಾಕಿಕೊಂಡ ಹಾಗೆ. ಬಲೂನು ಎರಡು ನಿಮಿಷವಾದರೂ ಬರಲಿಲ್ಲ. ಬಲೂನಿಗೆ 190 ಮಿಲಿ ತುಂಬುವವರೆಗೆ ‘ಹೋಗಬೇಕು’ ಅನಿಸಲೇ ಇಲ್ಲ, ವರ್ಷಗಟ್ಟಲೆ ತುಂಬಿಯೇ ಇದ್ದ ಮಲಾಶಯಕ್ಕೆ ಸಂವೇದನೆ ಮಂಕಾಗಿದೆ. ಎರಡು ಪರೀಕ್ಷೆಯೂ ಒಂದೇ ಮಾತು ಹೇಳುತ್ತಿವೆ, ಬೆರಳಿನ ಪರೀಕ್ಷೆಯೂ ಅದನ್ನೇ ಹೇಳಿತ್ತು. ಇದಕ್ಕೆ ಡಿಸ್ಸಿನರ್ಜಿಯಾ ಎನ್ನುತ್ತಾರೆ. ಇಸಬ್‌ಗೋಲ್ ತಿಂದರೆ ಹೊಟ್ಟೆ ಉಬ್ಬರಿಸುತ್ತಿದ್ದದ್ದೂ ಇದಕ್ಕೇ: ಬಾಗಿಲು ತೆರೆಯದೆ ಮಲದ ಗಾತ್ರ ಮಾತ್ರ ಹೆಚ್ಚುತ್ತಿತ್ತು.

ಗ್ರಾಫ್ ಒಂದು ಹೇಳಿ ಬಲೂನು ಇನ್ನೊಂದು ಹೇಳಿದರೆ ಮೂರನೆಯ ಸಾಕ್ಷಿ ಬೇಕು. ಡೆಫಿಕೋಗ್ರಫಿ ಎಂಬ ಎಕ್ಸ್-ರೇ ಅಥವಾ ಎಂಆರ್‌ಐ ಪರೀಕ್ಷೆಯಲ್ಲಿ ಮಲಾಶಯ ಜಾರುತ್ತದೆಯೇ, ಮುಂದಕ್ಕೆ ಚೀಲದಂತೆ ಉಬ್ಬುತ್ತದೆಯೇ ಎಂಬುದೂ ಕಾಣುತ್ತದೆ. ಹೆರಿಗೆಯಾದ ಹೆಂಗಸರಲ್ಲಿ ಈ ಉಬ್ಬು ಸಾಮಾನ್ಯ.

ಟ್ರಾನ್ಸಿಟ್ ಸ್ಟಡಿ: ಲೆಕ್ಕ ತಪ್ಪಬಾರದು

ಒಂದು ಕ್ಯಾಪ್ಸೂಲ್, ಅದರೊಳಗೆ ಎಕ್ಸ್-ರೇಯಲ್ಲಿ ಕಾಣುವ 24 ಪುಟ್ಟ ಬಳೆಗಳು. ಅಗಿಯದೆ ನುಂಗಬೇಕು. ಐದು ದಿನದ ನಂತರ ಹೊಟ್ಟೆಯ ಒಂದು ಎಕ್ಸ್-ರೇ. 24ರಲ್ಲಿ 5 ಅಥವಾ ಕಡಿಮೆ ಉಳಿದಿದ್ದರೆ ಕರುಳಿನ ವೇಗ ಸರಿ, ಹೆಚ್ಚು ಉಳಿದಿದ್ದರೆ ನಿಧಾನ. ಐದು ದಿನ ಅಂದರೆ ಪೂರ್ತಿ 120 ಗಂಟೆ. ಸೋಮವಾರ ಬೆಳಿಗ್ಗೆ 8ಕ್ಕೆ ನುಂಗಿದವರ ಎಕ್ಸ್-ರೇ ಶನಿವಾರ ಬೆಳಿಗ್ಗೆ 8ಕ್ಕೆ. ಸೋಮವಾರವನ್ನೇ ‘ಒಂದು’ ಎಂದು ಎಣಿಸಿ ಶುಕ್ರವಾರ ತೆಗೆಸಿದರೆ 96 ಗಂಟೆಯೇ ಆಗಿರುತ್ತದೆ, ಸರಿಯಿರುವ ಕರುಳೂ ನಿಧಾನ ಎಂಬ ಹಣೆಪಟ್ಟಿ ಹೊತ್ತುಕೊಳ್ಳುತ್ತದೆ. ನುಂಗಿದ ದಿನ, ಗಂಟೆಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಕ್ರಮ ಬೇರೆ ಇರಬಹುದು. ನಮ್ಮ ದೇಶದಲ್ಲಿ ಜನರ ಕರುಳಿನ ವೇಗ ಹೆಚ್ಚೆಂದು, 12 ಗಂಟೆಗೊಮ್ಮೆ ಮೂರು ಸಲ ಬಳೆ ಕೊಟ್ಟು, 36 ಮತ್ತು 60ನೇ ಗಂಟೆಗೆ ಎಕ್ಸ್-ರೇ ತೆಗೆಯುವ ಪದ್ಧತಿಯೂ ಇದೆ.

ಜುಲಾಬನ್ನು ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಎಕ್ಸ್-ರೇ ಆಗುವವರೆಗೂ ಮುಟ್ಟಬಾರದು. ಎನಿಮಾ, ಚೂರ್ಣ, ಮನೆಮದ್ದಿನ ಹರಳೆಣ್ಣೆ ಯಾವುದೂ ಬೇಡ. ಊಟ ಎಂದಿನಂತೆ, ಮುದ್ದೆ ಸೊಪ್ಪು ಎಲ್ಲಾ ತಿನ್ನಿ. ಮೂರನೇ ದಿನ ತಡೆಯಲಾರದೆ ಚೂರ್ಣ ನುಂಗಿದರೆ ಮುಚ್ಚಿಡಬೇಡಿ, ಹೇಳಿ ಮತ್ತೆ ಮಾಡಿಸಿ. ಕೊಲೊನೋಸ್ಕೋಪಿಯ ದ್ರಾವಣ ಕುಡಿದ ಮೇಲೂ ಒಂದೆರಡು ವಾರ ಬಿಟ್ಟೇ ಇದನ್ನು ಮಾಡಿಸಬೇಕು. ಗರ್ಭಿಣಿಯರಿಗೆ ಇದು ಬೇಡ. ಬಳೆಗಳು ಮಲದ ಜೊತೆ ತಾವೇ ಹೋಗುತ್ತವೆ, ಹುಡುಕಬೇಕಾಗಿಲ್ಲ.

ಆ ಹೆಂಗಸಿಗೆ 13 ಬಳೆ ಉಳಿದಿದ್ದವು, ಅವುಗಳಲ್ಲಿ 10 ಕೆಳಗೆ ಎಡಭಾಗದಲ್ಲಿ, ಮಲಾಶಯದ ಸುತ್ತ. ಇದನ್ನಷ್ಟೇ ನೋಡಿದ್ದರೆ ‘ಕರುಳೇ ನಿಧಾನ’ ಎಂದು ಜೀವನಪೂರ್ತಿ ಮಾತ್ರೆ ಬರೆಯುತ್ತಿದ್ದರು. ಆದರೆ ಬಾಗಿಲು ಮುಚ್ಚಿದ್ದರೆ ಹಿಂದಿನದೆಲ್ಲಾ ನಿಧಾನವಾಗುವುದು ಸಹಜ. ಡಿಸ್ಸಿನರ್ಜಿಯಾ ಇರುವ ಬಹಳ ಜನರಲ್ಲಿ ಟ್ರಾನ್ಸಿಟ್ಟೂ ನಿಧಾನವಾಗಿಯೇ ಬರುತ್ತದೆ. ಹಾಗಾಗಿ ಮ್ಯಾನೋಮೆಟ್ರಿ ಮೊದಲು, ಟ್ರಾನ್ಸಿಟ್ ಆಮೇಲೆ. ಬಾಗಿಲು ಸರಿಯಿದೆ ಎಂದು ಗೊತ್ತಾದ ಮೇಲೂ ಮಲಬದ್ಧತೆ ಇದ್ದರೆ ಆಗ ಟ್ರಾನ್ಸಿಟ್ಟಿನ ಲೆಕ್ಕಕ್ಕೆ ತೂಕ ಬರುತ್ತದೆ.

ಬಾಗಿಲಿಗೆ ಚಿಕಿತ್ಸೆ ಬಯೋಫೀಡ್‌ಬ್ಯಾಕ್. ಅದೇ ರೀತಿಯ ಕೊಳವೆ, ಅದೇ ಗ್ರಾಫ್, ಈ ಸಲ ಪರದೆ ನಿಮ್ಮ ಕಡೆಗೆ ತಿರುಗಿರುತ್ತದೆ. ಹೊಟ್ಟೆಯಿಂದ ತಳ್ಳುತ್ತಾ ಕೆಳಗೆ ಸಡಿಲ ಬಿಟ್ಟಾಗ ಗೆರೆ ಇಳಿಯುವುದನ್ನು ಕಣ್ಣಾರೆ ನೋಡಿ ಕಲಿಯಬೇಕು. ಸಾಮಾನ್ಯವಾಗಿ ಒಂದೆರಡು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ, ನಡುವೆ ಮನೆಯಲ್ಲಿ ಅಭ್ಯಾಸ. ಡಿಸ್ಸಿನರ್ಜಿಯಾ ಇರುವ ಹತ್ತು ಜನರಲ್ಲಿ ಆರೇಳು ಮಂದಿಗೆ ಗುಣ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ಆರು ಸಲ ಮುಗಿದ ಮೇಲೆ ಬಲೂನು 40 ಸೆಕೆಂಡಿಗೆ ಹೊರಬಿತ್ತು ಎನ್ನೋಣ. ಮತ್ತೆ ಟ್ರಾನ್ಸಿಟ್ ಮಾಡಿಸಿದಾಗ ಉಳಿದದ್ದು 3 ಬಳೆ. ಕರುಳಿಗೆ ಯಾವ ಔಷಧಿಯೂ ಕೊಟ್ಟಿರಲಿಲ್ಲ.

ಬಾಗಿಲು ಸರಿಯಿದ್ದು, ಬಳೆಗಳು ಇಡೀ ದೊಡ್ಡಕರುಳಿನ ಉದ್ದಕ್ಕೂ ಚದುರಿ ನಿಂತಿದ್ದರೆ ಆಗ ಅದು ನಿಜವಾಗಿಯೂ ನಿಧಾನದ ಕರುಳು. ಅವರಿಗೆ ಪಾಲಿಎಥಿಲೀನ್ ಗ್ಲೈಕಾಲ್, ಬಿಸಕೊಡಿಲ್, ಪ್ರುಕಲೊಪ್ರೈಡ್ ಮಾತ್ರೆಗಳ ದಾರಿ. ಯಾವುದಕ್ಕೂ ಬಗ್ಗದೆ ದೊಡ್ಡಕರುಳು ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬಂದರೆ, ಮ್ಯಾನೋಮೆಟ್ರಿ ಮತ್ತು ಬಲೂನು ಪರೀಕ್ಷೆಯ ರಿಪೋರ್ಟ್ ಎರಡೂ ಫೈಲಿನಲ್ಲಿವೆಯೇ ನೋಡಿ. ಇಲ್ಲದಿದ್ದರೆ ಅವು ಆಗುವ ತನಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ, ಏಕೆಂದರೆ ಬಾಗಿಲಿನ ತೊಂದರೆ ಉಳಿದಿದ್ದರೆ ಕರುಳು ತೆಗೆದ ಮೇಲೂ ತಿಣುಕುವುದು ತಪ್ಪುವುದಿಲ್ಲ.